ರಾತ್ರಿ ಫೋಟೊದ ರವೆ ಹೋಗಲಿ, ಮುಖದ ಗೆರೆ ಉಳಿಯಲಿ

ಕೊಪ್ಪಳದ ಗವಿಮಠದ ಜಾತ್ರೆಯಲ್ಲಿ ರಾತ್ರಿ ಹೊತ್ತು ಮಿರ್ಚಿ ಕರಿಯುತ್ತಿದ್ದ ಅಜ್ಜಿಯೊಬ್ಬರ ಫೋಟೊ ತೆಗೆದೆ. ಬಾಣಲೆಯ ಮೇಲೆ ನೇತಾಡುವ ಒಂದೇ ಹಳದಿ ಬಲ್ಬು. ಅದರಾಚೆ ಕತ್ತಲು. 50 ಎಂಎಂ ಲೆನ್ಸ್, ಅಪರ್ಚರ್ ಎಫ್ 2, ಶಟರ್ 1/125, ಐಎಸ್‌ಒ 6400. ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನೋಡಿದರೆ ಮುಖದ ತುಂಬಾ ರವೆ ಚೆಲ್ಲಿದ ಹಾಗೆ ಗ್ರೇನ್. ಸೆರಗಿನ ನೆರಳಿನಲ್ಲಿ ನೇರಳೆ, ಹಸಿರು ಕಲೆಗಳು. ಇವೆರಡಕ್ಕೂ ಸೇರಿಯೇ ನಾಯ್ಸ್ ಅನ್ನುತ್ತಾರೆ. ನಾಯ್ಸ್ ಸ್ಲೈಡರನ್ನು ಜೋರಾಗಿ ಬಲಕ್ಕೆ ಎಳೆದೆ, ಎಲ್ಲ ನುಣ್ಣಗಾಯಿತು. ಪ್ರಿಂಟ್ ಹಾಕಿಸಿ ಮರುದಿನ ಅಜ್ಜಿಗೆ ಕೊಟ್ಟೆ. ಅವರು ಬಲ್ಬಿನ ಕೆಳಗೆ ಹಿಡಿದು ನೋಡಿ, ‘ಇದೇನೋ ತಮ್ಮಾ, ಮುಖಕ್ಕ ಬೆಣ್ಣಿ ಬಳದಂಗ ಆಗೈತಲ್ಲ, ನನ್ನ ಗೆರಿ ಎಲ್ಲಿ ಹೋದ್ವು?’ ಅಂದರು.

ಗೆರೆ ಹೋಗಿದ್ದು ಯಾಕೆ ಅಂದರೆ, ಆ ಸ್ಲೈಡರಿಗೆ ಚರ್ಮದ ರಂಧ್ರ ಯಾವುದು, ಗ್ರೇನ್ ಯಾವುದು ಗೊತ್ತಾಗುವುದಿಲ್ಲ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ, ಎರಡೂ ಮಂದ. ಒಂದನ್ನು ಒರೆಸಿದರೆ ಇನ್ನೊಂದೂ ಹೋಗುತ್ತದೆ. ಆದರೆ ಬಣ್ಣದ ಕಲೆಗಳ ಕಥೆ ಬೇರೆ. ನಮ್ಮ ಕಣ್ಣಿಗೆ ಬೆಳಕು-ನೆರಳಿನ ಸಣ್ಣ ವ್ಯತ್ಯಾಸ ಚೆನ್ನಾಗಿ ಕಾಣುತ್ತದೆ, ಬಣ್ಣದ ಸಣ್ಣ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಹಾಗಾಗಿ ಬಣ್ಣವನ್ನು ಸ್ವಲ್ಪ ಹರಡಿದರೂ ಮುಖ ಮುಖವಾಗಿಯೇ ಇರುತ್ತದೆ. ಇಡೀ ಕೆಲಸ ನಿಂತಿರುವುದು ಇದರ ಮೇಲೆ: ಬಣ್ಣದ ನಾಯ್ಸನ್ನು ಪೂರ್ತಿ ತೆಗೆಯಿರಿ, ಗ್ರೇನನ್ನು ಮುಖದ ಮೇಲೆ ಅರ್ಧಕ್ಕರ್ಧ ಬಿಡಿ.

ನಾನು ಲೈಟ್‌ರೂಮ್ ಬಳಸುತ್ತೇನೆ. ಬೇರೆ ಸಾಫ್ಟ್‌ವೇರ್‌ಗಳಲ್ಲಿ ಹೆಸರು, ಅಂಕಿ ಬದಲಾಗಬಹುದು, ಕ್ರಮ ಇದೇ. ಫೈಲು ಮಾತ್ರ ರಾ ಇರಬೇಕು, ಅಂದರೆ ಕ್ಯಾಮೆರಾ ತಾನಾಗಿ ತಿದ್ದದೆ ಕೊಟ್ಟದ್ದು. ಜೆಪೆಗ್‌ನಲ್ಲಿ ಕ್ಯಾಮೆರಾವೇ ಒಮ್ಮೆ ಒರೆಸಿರುತ್ತದೆ. ಮೊಬೈಲ್ ಫೋಟೊಗಳಂತೂ ಒರೆಸಿ, ತಿದ್ದಿಯೇ ಬಂದಿರುತ್ತವೆ. ಅವನ್ನು ಮತ್ತೆ ತಿಕ್ಕಿದರೆ ಮೇಣದ ಬೊಂಬೆ ಆಗುವುದು ಗ್ಯಾರಂಟಿ.

ಮೊದಲು ವೈಟ್ ಬ್ಯಾಲೆನ್ಸ್. ನಾಯ್ಸ್‌ಗೂ ಇದಕ್ಕೂ ಏನು ಸಂಬಂಧ ಅಂತೀರಾ? ಹಳದಿ ಬಲ್ಬಿನ ಬೆಳಕಿನಲ್ಲಿ ನೀಲಿ ತೀರಾ ಕಡಿಮೆ. ಆ ಹಳದಿಯನ್ನು ಪೂರ್ತಿ ತೆಗೆದು ಬಿಳಿ ಮಾಡಲು ಹೊರಟರೆ, ಸಾಫ್ಟ್‌ವೇರ್ ಆ ಬಡಕಲು ನೀಲಿಯನ್ನೇ ಹಿಗ್ಗಿಸಬೇಕು. ನೀಲಿಯ ಜೊತೆ ಅದರೊಳಗಿನ ನಾಯ್ಸೂ ಹಿಗ್ಗುತ್ತದೆ. ಕೂದಲಲ್ಲಿ, ಕುತ್ತಿಗೆಯ ನೆರಳಲ್ಲಿ ನೀಲಿ ಕಲೆ ಬರುವುದು ಇಲ್ಲಿಂದಲೇ. ಅಜ್ಜಿಯ ಫೋಟೊದಲ್ಲಿ Temp 2750ಕ್ಕೆ ಇಟ್ಟರೆ ಸೀರೆಯ ಬಿಳಿ ಅಂಚು ಸರಿಯಾಗಿ ಬಿಳಿ ಆಗುತ್ತಿತ್ತು. ನಾನು 3300ಕ್ಕೆ ಬಿಟ್ಟೆ. ಜಾತ್ರೆಯ ಬಲ್ಬು ಹಳದಿಯಾಗಿ ಕಂಡರೆ ತಪ್ಪೇನು? ಮುಖಕ್ಕೂ ಅದೇ ಒಪ್ಪುತ್ತದೆ, ನೀಲಿ ಕಲೆಯೂ ತಗ್ಗುತ್ತದೆ. ಎಕ್ಸ್‌ಪೋಶರನ್ನೂ ಈಗಲೇ ಮುಗಿಸಿ. ಆಮೇಲೆ ನೆರಳು ಎತ್ತಿದರೆ ನಾಯ್ಸ್ ಮತ್ತೆ ಏಳುತ್ತದೆ, ಮಾಡಿದ್ದೆಲ್ಲ ಸುಮ್ನೆ.

ಇನ್ನು ಬಣ್ಣ. ಫೋಟೊವನ್ನು 100% ಗಾತ್ರಕ್ಕೆ ತನ್ನಿ, ಕತ್ತಲಿರುವ ಜಾಗಕ್ಕೆ ಹೋಗಿ. ರಾ ಫೈಲಿಗೆ Color ತಾನಾಗಿಯೇ 25ರಲ್ಲಿ ಇರುತ್ತದೆ. ಅದನ್ನು ನಿಧಾನಕ್ಕೆ ಏರಿಸುತ್ತಾ ಹೋಗಿ, ಕಲೆ ಮಾಯವಾದ ಕೂಡಲೇ ನಿಲ್ಲಿಸಿ. ನನಗೆ 40 ಬೇಕಾಯಿತು. ಸಣ್ಣ ಚುಕ್ಕೆ ಹೋಗಿ ದೊಡ್ಡ ಮೋಡದಂಥ ಕಲೆ ಉಳಿದರೆ ಅದರ ಕೆಳಗಿನ Smoothness ಏರಿಸಿ, ನಾನು 70 ಮಾಡಿದೆ. ಜಾಸ್ತಿಯಾಯಿತೋ ಇಲ್ಲವೋ ಎಂದು ತಿಳಿಯಲು ಹಣೆಯ ಕುಂಕುಮ ನೋಡಿ. ಅದು ಮಂಕಾಗಿ, ಕೆಂಪು ಸುತ್ತಲಿನ ಚರ್ಮಕ್ಕೆ ಇಳಿಯುತ್ತಿದ್ದರೆ ಹಿಂದೆ ಬನ್ನಿ.

ಈಗ ಗ್ರೇನ್, ಅಂದರೆ Luminance. ಹಾಳಾಗುವುದು ಇಲ್ಲೇ. ಮೊದಲ ಸಲ ನಾನು 65 ಕೊಟ್ಟಿದ್ದೆ, ಈ ಸಲ 20. ಅದರ ಕೆಳಗಿನ Detail 50ರಲ್ಲಿ ಇರುತ್ತದೆ, 65 ಮಾಡಿದೆ. ಇದು ಏರಿದಷ್ಟೂ ಗ್ರೇನ್ ಸ್ವಲ್ಪ ಉಳಿಯುತ್ತದೆ, ಗೆರೆಯೂ ಉಳಿಯುತ್ತದೆ. ಕೆನ್ನೆಯನ್ನು ನೋಡುತ್ತಾ ಇದನ್ನು ತೀರ್ಮಾನಿಸಬೇಡಿ, ಕೆನ್ನೆ ನುಣುಪಾದಷ್ಟೂ ಚೆಂದ ಅನ್ನಿಸಿ ಮೋಸ ಹೋಗುತ್ತೀರಿ. ಹುಬ್ಬು ನೋಡಿ. ಕೂದಲು ಬಿಡಿಬಿಡಿಯಾಗಿ ಕಾಣಬೇಕು. ಬ್ರಷ್ಷಿನಲ್ಲಿ ಒಮ್ಮೆ ಎಳೆದ ಪಟ್ಟಿಯಂತೆ ಕಂಡರೆ ಮಿತಿ ದಾಟಿದ್ದೀರಿ. ಅಜ್ಜಿಯ ಕಣ್ಣಂಚಿನ ಗೆರೆಗಳಲ್ಲೂ ಹಾಗೆ. ಗೆರೆ ತೆಳ್ಳಗಾಗುತ್ತಾ ಹೋಗಿ ಕೊನೆಯಾಗುತ್ತದೆ ಅಲ್ವಾ, ಆ ತುದಿ ಮೊದಲು ಅಳಿಸಿಹೋಗುತ್ತದೆ.

20ರಲ್ಲಿ ಮುಖ ಸರಿ, ಆದರೆ ಹಿಂದಿನ ಕತ್ತಲಲ್ಲಿ ಗ್ರೇನ್ ಹಾಗೇ ಕುಣಿಯುತ್ತಿತ್ತು. ಅಲ್ಲಿ ಉಳಿಸಿಕೊಳ್ಳುವಂಥ ವಿವರ ಏನೂ ಇಲ್ಲ. ಹಾಗಾಗಿ ಮಾಸ್ಕಿಂಗ್‌ನಲ್ಲಿ ಬ್ರಷ್ ತೆಗೆದುಕೊಂಡು ಹಿಂಬದಿಯ ಕತ್ತಲು, ಸೆರಗಿನ ನೆರಳು ಇಷ್ಟಕ್ಕೇ Noise 40 ಹಚ್ಚಿದೆ. ಬ್ರಷ್ಷಿನ ಅಂಚು ಮೃದುವಾಗಿರಲಿ. ಇಲ್ಲದಿದ್ದರೆ ಗ್ರೇನ್ ಇರುವ ಮುಖಕ್ಕೂ ನುಣುಪಾದ ಹಿಂಬದಿಗೂ ನಡುವೆ ಕತ್ತರಿಸಿ ಅಂಟಿಸಿದಂಥ ಗೆರೆ ಕಾಣುತ್ತದೆ. ಅಷ್ಟಾದರೂ ಎರಡರ ನಡುವೆ ಅಂತರ ಕಂಡರೆ Effects ಭಾಗದ Grain 10ರಷ್ಟು ಕೊಡಿ. ಗ್ರೇನ್ ತೆಗೆದು ಮತ್ತೆ ಗ್ರೇನ್ ಹಾಕುವುದೇ ಅಂತ ನಗಬೇಡಿ. ಇಡೀ ಫೋಟೊದ ಮೇಲೆ ಒಂದೇ ಸಮ ಹರಡಿದ ಸಣ್ಣ ಗ್ರೇನ್ ಆ ತೇಪೆಯನ್ನು ಮುಚ್ಚುತ್ತದೆ.

ಶಾರ್ಪ್‌ನೆಸ್ ಬಗ್ಗೆ ಒಂದೇ ಮಾತು. ಅದು ಗ್ರೇನನ್ನೂ ಶಾರ್ಪ್ ಮಾಡುತ್ತದೆ. Alt ಒತ್ತಿ ಹಿಡಿದು Masking ಎಳೆಯಿರಿ, ಫೋಟೊ ಕಪ್ಪು-ಬಿಳಿಯಾಗಿ ಕಾಣುತ್ತದೆ. ಬಿಳಿ ಇರುವಲ್ಲಿ ಮಾತ್ರ ಶಾರ್ಪ್ ಆಗುತ್ತದೆ. ಕೆನ್ನೆ ಕಪ್ಪಾಗಿ ಕಣ್ಣು, ಹುಬ್ಬು, ತುಟಿ ಬಿಳಿ ಉಳಿಯುವ ತನಕ ಎಳೆಯಿರಿ. ನನಗೆ 75ರ ಹತ್ತಿರ ಸಿಕ್ಕಿತು.

ಇಷ್ಟು ಮಾಡಿ 100% ಗಾತ್ರದಲ್ಲಿ ನೋಡಿದರೆ ‘ಇನ್ನೂ ರವೆ ಇದೆಯಲ್ಲ’ ಅನ್ನಿಸುತ್ತದೆ. ಇರಲಿ ಬಿಡಿ. ಫೋಟೊವನ್ನು ಆ ಗಾತ್ರದಲ್ಲಿ ಯಾರೂ ನೋಡುವುದಿಲ್ಲ. 6000 ಪಿಕ್ಸೆಲ್ ಅಗಲದ ಫೋಟೊವನ್ನು ವಾಟ್ಸ್‌ಆ್ಯಪ್‌ಗೆ ಅಂತ 2000ಕ್ಕೆ ಇಳಿಸಿದರೆ, ಒಂಬತ್ತು ಪಿಕ್ಸೆಲ್ ಸೇರಿ ಒಂದಾಗುತ್ತವೆ. ಗ್ರೇನ್ ಸುಮಾರು ಮೂರನೇ ಒಂದು ಭಾಗಕ್ಕೆ ತಾನೇ ಇಳಿಯುತ್ತದೆ. ಪ್ರಿಂಟ್‌ನಲ್ಲೂ ಅಷ್ಟೇ, ಕಾಗದ ಒಂದಿಷ್ಟು ನುಂಗಿಕೊಳ್ಳುತ್ತದೆ. ಎರಡನೇ ಪ್ರಿಂಟ್ 8x12 ಇಂಚು ಹಾಕಿಸಿದೆ. ಅದರಲ್ಲಿ ಗ್ರೇನ್ ಹುಡುಕಿದರಷ್ಟೇ ಸಿಗುತ್ತಿತ್ತು. ಅಜ್ಜಿ ಅದನ್ನು ಕಡಲೆಹಿಟ್ಟು ಮೆತ್ತಿದ ಕೈಯಲ್ಲೇ ಇಸಿದುಕೊಂಡು ಗಲ್ಲಾಪೆಟ್ಟಿಗೆಯ ಮುಚ್ಚಳಕ್ಕೆ ಸಿಕ್ಕಿಸಿದರು. ಮೊದಲನೆಯದು ಎಲ್ಲಿ ಹೋಯಿತೋ, ನಾನು ಕೇಳಲಿಲ್ಲ.

ಅದೇ ರಾತ್ರಿ ತೆಗೆದ ಇನ್ನೊಂದು ಫೋಟೊ ಮಾತ್ರ ಇದಕ್ಕೆಲ್ಲ ಬಗ್ಗಲಿಲ್ಲ. ಅಜ್ಜಿಯ ಮೊಮ್ಮಗ ಬಲ್ಬಿನಿಂದ ದೂರ ಕೂತಿದ್ದ. ಎಕ್ಸ್‌ಪೋಶರ್ 2 ಸ್ಟಾಪ್, ಅಂದರೆ ನಾಲ್ಕು ಪಟ್ಟು ಎತ್ತಬೇಕಾಯಿತು. ಅಲ್ಲಿಗೆ ಐಎಸ್‌ಒ 25600ರಲ್ಲಿ ತೆಗೆದ ಹಾಗೆಯೇ. ಬಣ್ಣದ ಕಲೆ ತೆಗೆದರೆ ಮುಖ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು, ಬಿಟ್ಟರೆ ಕೆನ್ನೆ ಮೇಲೆ ನೇರಳೆ ಮೋಡ. ಅದನ್ನು ಕಪ್ಪು-ಬಿಳುಪು ಮಾಡಿಬಿಟ್ಟೆ. ಬಣ್ಣವೇ ಇಲ್ಲದಿದ್ದರೆ ಗ್ರೇನ್ ಹಳೆಯ ಫಿಲ್ಮಿನಂತೆ ಕಾಣುತ್ತದೆ. ಹಾಗೆ ಮಾಡುವಾಗಲೂ Color ಏರಿಸಿಯೇ ಇಡಿ, B&W ಮಿಕ್ಸರಿನ ಸ್ಲೈಡರ್‌ಗಳನ್ನು ಜಾಸ್ತಿ ಎಳೆಯಬೇಡಿ. ಎಳೆದರೆ ಕಣ್ಣಿಗೆ ಕಾಣದೆ ಅಡಗಿದ್ದ ನೇರಳೆ ಕಲೆಗಳು ಕಪ್ಪು ಮಚ್ಚೆಗಳಾಗಿ ಮುಖದ ಮೇಲೆ ಮತ್ತೆ ಏಳುತ್ತವೆ.