ಹಸಿ ಚಿಕನ್ ತೂಗಿ ಬೆಂದ ಚಿಕನ್ ಲೆಕ್ಕ ಬರೆದ ಕಥೆ

ಜಿಮ್ ಶುರು ಮಾಡಿದ ಮೇಲೆ ಮೂರು ತಿಂಗಳು ದಿನಾ 115 ಗ್ರಾಂ ಪ್ರೋಟೀನ್ ತಿನ್ನುತ್ತಿದ್ದೇನೆ ಅಂದುಕೊಂಡಿದ್ದೆ. ಫೋನಿನಲ್ಲಿ ಒಂದು ದಿನವೂ ಬಿಡದೆ ಬರೆದಿಟ್ಟಿದ್ದೆ. ಆದರೆ ಆ ಲೆಕ್ಕದಲ್ಲಿ ದಿನಕ್ಕೆ ಇಪ್ಪತ್ತು ಗ್ರಾಂ ಬರೀ ಗಾಳಿ.

ನಾನು ಮಾಡುತ್ತಿದ್ದದ್ದು ಇಷ್ಟೇ. ಶಿವಮೊಗ್ಗದ ನಮ್ಮ ಬೀದಿಯ ಕೋಳಿ ಅಂಗಡಿಯಿಂದ ಅರ್ಧ ಕೆಜಿ ಬೋನ್‌ಲೆಸ್ ತರುವುದು, ಬರೀ ಎದೆ ಭಾಗ. ಅದನ್ನು ಎರಡು ಪಾಲು ಮಾಡಿ ಒಂದೊಂದೂ 250 ಗ್ರಾಂ ಇದೆಯಾ ಅಂತ ತೂಗುವುದು. ಆಮೇಲೆ ಆ್ಯಪ್‌ನಲ್ಲಿ chicken breast ಅಂತ ಹುಡುಕಿ, ಮೊದಲು ಕಂಡದ್ದನ್ನು ಒತ್ತುವುದು. ಅದರಲ್ಲಿ 100 ಗ್ರಾಂಗೆ 31 ಗ್ರಾಂ ಪ್ರೋಟೀನ್ ಅಂತ ಇತ್ತು. 250ಕ್ಕೆ 77 ಗ್ರಾಂ ಆಯಿತು. ಖುಷಿಯಾಗಿ ಬರೆದುಕೊಳ್ಳುತ್ತಿದ್ದೆ.

ಒಂದು ಮಳೆ ದಿನ ಬೆಳಿಗ್ಗೆ ತೂಗಲು ಮರೆತೆ. ಕರೆಂಟೂ ಇರಲಿಲ್ಲ, ಕತ್ತಲಲ್ಲೇ ಪಾಲು ಮಾಡಿ ಕಾವಲಿ ಮೇಲೆ ಬೇಯಿಸಿ ಡಬ್ಬಿಗೆ ಹಾಕಿದೆ. ಮಧ್ಯಾಹ್ನ ಊಟಕ್ಕೆ ಮುಂಚೆ ತೂಗಿದರೆ 182 ಗ್ರಾಂ! ಅಂಗಡಿಯವರ ಮೇಲೆ ಅನುಮಾನ ಬಂತು. ಮರುದಿನ ಹಸಿಯಾಗಿ ಸರಿಯಾಗಿ 250 ತೂಗಿ, ಬೇಯಿಸಿ ಮತ್ತೆ ತೂಗಿದೆ. ಆಗಲೂ 180ರ ಆಸುಪಾಸು. ಅಮ್ಮ ನೋಡಿ, "ಏನೋ ಇದು, ಅಡುಗೆ ಮನೇಲಿ ಬಂಗಾರದ ಅಂಗಡಿ ಇಟ್ಟಿದೀಯಾ?" ಅಂದರು.

ಹೋಗಿದ್ದು ನೀರು. ಬಿಸಿಗೆ ಮಾಂಸದ ಎಳೆಗಳು ಬಿಗಿದುಕೊಂಡು ಒಳಗಿನ ನೀರನ್ನು ಹಿಂಡಿ ಹೊರಗೆ ಹಾಕುತ್ತವೆ. ಪ್ರೋಟೀನ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ತೂಕ ಮಾತ್ರ ಕಾಲು ಭಾಗಕ್ಕೂ ಜಾಸ್ತಿ ಇಳಿಯುತ್ತದೆ. ಅದಕ್ಕೇ ಹಸಿ ಎದೆ ಮಾಂಸಕ್ಕೆ 100 ಗ್ರಾಂಗೆ ಸುಮಾರು 23, ಬೆಂದದ್ದಕ್ಕೆ 31. ಈಗ ಲೆಕ್ಕ ಹಾಕಿ ನೋಡಿ: ಹಸಿ 250ಕ್ಕೆ 57 ಚಿಲ್ಲರೆ, ಬೆಂದ 182ಕ್ಕೆ 56. ಎರಡೂ ಒಂದೇ ಅಲ್ವಾ? ನಾನು ಹಸಿ ತೂಕವನ್ನು ಬೆಂದದ್ದರ ಅಂಕಿಯಿಂದ ಗುಣಿಸಿದ್ದೆ. ಉಲ್ಟಾ ಮಾಡಿದ್ದರೆ, ಅಂದರೆ ಬೆಂದ 182ಕ್ಕೆ ಹಸಿಯ ಅಂಕಿ ಹಾಕಿದ್ದರೆ, 42 ಬರುತ್ತಿತ್ತು.

ಆ್ಯಪ್‌ನಲ್ಲಿ ಎಷ್ಟೋ ಕಡೆ raw, cooked ಅಂತ ಬರೆದೇ ಇರುವುದಿಲ್ಲ. ಆಗ ನಾನು ಪ್ರೋಟೀನ್ ಅಂಕಿಯನ್ನೇ ನೋಡುತ್ತೇನೆ. 22–23 ಇದ್ದರೆ ಹಸಿ, 30 ದಾಟಿದರೆ ಬೆಂದದ್ದು. ಆದಷ್ಟೂ ಹಸಿಯಾಗಿದ್ದಾಗಲೇ ತೂಗುತ್ತೇನೆ. ಯಾಕೆಂದರೆ ಬೆಂದದ್ದು ಒಂದೇ ಹದದಲ್ಲಿ ಇರುವುದಿಲ್ಲ. ಫೋನ್ ಬಂತು ಅಂತ ಕಾವಲಿ ಮೇಲೆ ಐದು ನಿಮಿಷ ಜಾಸ್ತಿ ಬಿಟ್ಟರೆ ಇನ್ನಷ್ಟು ಒಣಗಿ ತೂಕ ಇಳಿಯುತ್ತದೆ, ಆಗ 31 ಅನ್ನುವ ಅಂಕಿಯೂ ಹೊಂದುವುದಿಲ್ಲ. ಹಸಿ ತೂಗುವಾಗ ತೊಳೆದ ನೀರು ಪೂರ್ತಿ ಬಸಿದಿರಬೇಕು, ಅಷ್ಟೇ.

ಮನೆಮಂದಿಗೆಲ್ಲ ಒಂದೇ ಪಾತ್ರೆಯಲ್ಲಿ ಮಾಡಿದಾಗ ಸ್ವಲ್ಪ ಗಣಿತ ಬೇಕು. ಕಳೆದ ಭಾನುವಾರ ಅಕ್ಕಿ ರೊಟ್ಟಿಗೆ ಅಂತ 800 ಗ್ರಾಂ ಬೋನ್‌ಲೆಸ್ ಹಾಕಿ ಸಾರು ಮಾಡಿದೆವು. ಬೆಂದ ಮೇಲೆ ತುಂಡುಗಳನ್ನು ಮಾತ್ರ ಎತ್ತಿ ತೂಗಿದೆ, 580. ನನ್ನ ತಟ್ಟೆಗೆ ಬಂದದ್ದು 145, ಅಂದರೆ ಕಾಲು ಭಾಗ. ಹಾಗಾಗಿ 800ರ ಕಾಲು ಭಾಗ, ಹಸಿ 200 ಅಂತ ಬರೆದೆ. ಮೂಳೆ ಇರುವ ಕೋಳಿ ಸಾರಿನ ದಿನ ಮಾತ್ರ ಅಂದಾಜಿಗೇ ಬಿಡುತ್ತೇನೆ.

ಮೀನಿನಲ್ಲಿ ನನ್ನ ತಪ್ಪು ಇನ್ನೂ ದೊಡ್ಡದು. ಕರಾವಳಿಯಿಂದ ಘಾಟಿ ಹತ್ತಿ ಬರುವ ಬಂಗುಡೆ ನಮಗೆ ಇಷ್ಟ. ಎರಡು ಬಂಗುಡೆ, ಅಂಗಡಿ ತಕ್ಕಡಿಯಲ್ಲಿ 340 ಗ್ರಾಂ. ನಾನು ಆ 340ನ್ನೇ ಬೆಂದ ಮೀನಿನ 24ರಿಂದ ಗುಣಿಸಿ 82 ಗ್ರಾಂ ಅಂತ ಬರೆದಿದ್ದೆ. ಅದರಲ್ಲಿ ತಲೆ, ಕರುಳು, ಮುಳ್ಳು ಎಲ್ಲ ಸೇರಿತ್ತು!

ಹಾಗಾಗಿ ಮುಳ್ಳಿನ ಮೀನಿಗೆ ನನ್ನ ನಿಯಮ ಉಲ್ಟಾ: ಬೆಂದ ಮೇಲೆಯೇ ತೂಗುವುದು. ಅದೇ ಅಳತೆಯ ಎರಡು ಮೀನು ಮಸಾಲೆ ಹಚ್ಚಿ ಹುರಿದ ಮೇಲೆ 210 ಬಂತು. ಮಸಾಲೆ ಬಟ್ಟಲನ್ನು ಹಚ್ಚುವ ಮೊದಲು, ಆಮೇಲೆ ತೂಗಿದ್ದರಿಂದ ಸುಮಾರು 20 ಗ್ರಾಂ ಮೀನಿಗೆ ಅಂಟಿದೆ ಅಂತ ಗೊತ್ತಿತ್ತು. ತಿಂದಾದ ಮೇಲೆ ತಟ್ಟೆಯಲ್ಲಿ ಉಳಿದ ಮುಳ್ಳು 38. ಉಳಿದದ್ದು 152, ಅದಕ್ಕೆ 24ರ ಲೆಕ್ಕದಲ್ಲಿ 36 ಗ್ರಾಂ ಪ್ರೋಟೀನ್. ಮೊದಲು ಬರೆದಿದ್ದರ ಅರ್ಧವೂ ಇಲ್ಲ.

ಮುಳ್ಳು ತೂಗುವುದನ್ನು ಮಾತ್ರ ಅಮ್ಮ ಇನ್ನೂ ಒಪ್ಪಿಲ್ಲ. ಎಂಜಲು ಮುಳ್ಳಿಗೆ ಅಂತ ಹಳೆಯ ಸ್ಟೀಲ್ ತಟ್ಟೆಯೊಂದನ್ನು ಬೇರೆ ಇಟ್ಟಿದ್ದಾರೆ.