ಹೊಳೆ ಏರುವ ಮುನ್ನ ಓಣಿಗೆಲ್ಲ ಫೋನು: ಊರಿನಲ್ಲಿ ಫೋನ್ ಟ್ರೀ ಕಟ್ಟುವುದು ಹೇಗೆ?

ಚಿಕ್ಕೋಡಿ ಸೀಮೆಯ ಕೃಷ್ಣಾ ದಂಡೆಯಲ್ಲಿ ಒಂದು ವಿಚಿತ್ರವಿದೆ. ಊರಿನಲ್ಲಿ ಹನಿ ಮಳೆ ಇಲ್ಲದಿದ್ದರೂ ಹೊಳೆ ಉಕ್ಕಬಹುದು. ಸಾತಾರಾ ಕಡೆಯ ಘಟ್ಟದಲ್ಲಿ ಸುರಿದದ್ದು, ಕೊಯ್ನಾ ಜಲಾಶಯದಿಂದ ಬಿಟ್ಟದ್ದು ರಾಜಾಪುರ ಬ್ಯಾರೇಜು ದಾಟಿ ಇಲ್ಲಿಗೆ ಬರುತ್ತದೆ. ಬರುವುದಕ್ಕೆ ಹೊತ್ತು ಹಿಡಿಯುವುದರಿಂದ ಸುದ್ದಿ ನೀರಿಗಿಂತ ಮೊದಲು ತಲುಪಲು ಸಾಧ್ಯ. ದಂಡೆಯ ಪಂಪ್‌ಸೆಟ್ ಎತ್ತಲು, ದನಕರು ಮೇಲಕ್ಕೆ ಹೊಡೆಯಲು ಆ ಕೆಲವು ಗಂಟೆಗಳೇ ಸಿಗುವುದು. ಹಾಗಾಗಿ ಒಬ್ಬರು ಕೆಲವರಿಗೆ, ಅವರು ತಲಾ ಕೆಲವು ಮನೆಗೆ ಫೋನು ಮಾಡಿ ಸುದ್ದಿ ಮುಟ್ಟಿಸುವ ಫೋನ್ ಟ್ರೀಗೆ ಇಂಥ ಊರೇ ಒಳ್ಳೆಯ ಉದಾಹರಣೆ.

ವಾಟ್ಸ್ಆ್ಯಪ್ ಗುಂಪು ಇದೆಯಲ್ಲ ಎನ್ನುವವರಿಗೆ ಒಂದೇ ಪ್ರಶ್ನೆ: ಸಂದೇಶ ಹಾಕಿದ ಅರ್ಧ ಗಂಟೆಗೆ, ಯಾವ ಮನೆಗೆ ಸುದ್ದಿ ಮುಟ್ಟಿಲ್ಲ ಎಂದು ಹೇಳಬಲ್ಲಿರಾ? ರಾತ್ರಿ ಗುಂಪಿನ ಸಂದೇಶಕ್ಕೆ ಯಾರೂ ಏಳುವುದಿಲ್ಲ. ಬಟನ್ ಫೋನಿನ ಅಜ್ಜನಿಗೆ ಅದು ಬರುವುದೂ ಇಲ್ಲ. ಫೋನ್ ಟ್ರೀಯ ಬೆಲೆ ಇರುವುದು ಸುದ್ದಿ ಹೇಳುವುದರಲ್ಲಿ ಅಷ್ಟೇ ಅಲ್ಲ, ಯಾರಿಗೆ ಹೇಳಿಲ್ಲ ಎಂಬುದು ಗೊತ್ತಾಗುವುದರಲ್ಲಿ.

ಲೆಕ್ಕ ಮೊದಲು

ಹೊಳೆ ಬದಿಯಲ್ಲಿ 60 ಮನೆಗಳಿವೆ ಎನ್ನೋಣ. ರಿಂಗಾಗಿ, ಎತ್ತಿ, ವಿಷಯ ಹೇಳಿ ಇಡಲು ಒಂದು ಕರೆಗೆ ಎರಡು ನಿಮಿಷ ಬೇಕು. ಒಬ್ಬರೇ ಮಾಡಿದರೆ ಎರಡು ಗಂಟೆ. ಅದರ ಬದಲು ಹತ್ತು ಮನೆಗೆ ಒಬ್ಬರಂತೆ ಆರು ಸ್ವಯಂಸೇವಕರನ್ನು ಇಟ್ಟುಕೊಳ್ಳಿ. ಸುದ್ದಿ ಹೊರಡಿಸುವವರು ಆರು ಜನಕ್ಕೆ ಫೋನು ಮಾಡಲು 12 ನಿಮಿಷ, ಕೊನೆಯ ಸ್ವಯಂಸೇವಕ ತನ್ನ ಮನೆ ಬಿಟ್ಟು ಉಳಿದ ಒಂಬತ್ತಕ್ಕೆ ಮಾಡಲು 18. ಅರ್ಧ ಗಂಟೆಯಲ್ಲಿ ಕೊನೆಯ ಮನೆಗೂ ಸುದ್ದಿ.

ಇನ್ನೊಂದು ಹಂತ ಸೇರಿಸಿದರೆ, ಅಂದರೆ ಒಬ್ಬರು ನಾಲ್ವರಿಗೆ, ಅವರು ತಲಾ ನಾಲ್ವರಿಗೆ, ಆ ಹದಿನಾರು ಜನ ತಲಾ ಮೂರು ಮನೆಗೆ ಮಾಡಿದರೆ 22 ನಿಮಿಷಕ್ಕೆ ಮುಗಿಯುತ್ತದೆ. ಎಂಟು ನಿಮಿಷ ಉಳಿಯಿತು, ಆದರೆ ಅದಕ್ಕೆ ಇಪ್ಪತ್ತು ಜನ ಫೋನ್ ಹತ್ತಿರವೇ ಇರಬೇಕು. ನಡುವಿನ ಒಬ್ಬ ಜಾತ್ರೆಗೆ ಹೋಗಿದ್ದರೆ ಅವನ ಕೆಳಗಿನವರಿಗೆಲ್ಲ ಸುದ್ದಿ ನಿಂತುಹೋಯಿತು. ಸುದ್ದಿ ಬಾಯಿಂದ ಬಾಯಿಗೆ ಹೋದಷ್ಟೂ ಬಣ್ಣವೂ ಬದಲಾಗುತ್ತದೆ. ನನ್ನ ಮಟ್ಟಿಗೆ ನೂರು ಮನೆಯವರೆಗೆ ಎರಡೇ ಹಂತ ಸಾಕು.

ಮನೆ ಹಂಚುವುದು ಓಣಿ ಪ್ರಕಾರ

ಇಲ್ಲಿ ಎಲ್ಲರೂ ಎಡವುತ್ತಾರೆ. ಪರಿಚಯ, ನೆಂಟಸ್ತನ, ಸಂಘ ನೋಡಿ ಹಂಚಿಕೊಂಡರೆ ಫೋನಿಗೆ ಅನುಕೂಲವೇ. ಆದರೆ ಕರೆಂಟ್ ಹೋಗಿ ಕೆಲವು ತಾಸಿಗೆ ಟವರಿನ ಬ್ಯಾಟರಿಯೂ ಇಳಿದರೆ ಅದೇ ಪಟ್ಟಿ ಹಿಡಿದು ನಡೆದುಹೋಗಬೇಕಾಗುತ್ತದೆ. ಒಬ್ಬರ ಹತ್ತು ಮನೆಗಳು ಒಂದೇ ಓಣಿಯಲ್ಲಿದ್ದರೆ ಕಾಲು ಗಂಟೆಯಲ್ಲಿ ಬಾಗಿಲು ತಟ್ಟಿ ಬರಬಹುದು. ಊರೆಲ್ಲ ಚದುರಿದ್ದರೆ ಆಗದು.

ಪಟ್ಟಿಯ ಅನುಕ್ರಮವೂ ಮುಖ್ಯ. ತಗ್ಗಿನ ಮನೆ ಮೊದಲು. ಹಾಸಿಗೆ ಹಿಡಿದವರಿರುವ ಮನೆ, ದನಕರು ಹೆಚ್ಚಿರುವ ಮನೆ ಅದರ ಬೆನ್ನಿಗೆ, ಅವರಿಗೆ ಹೊತ್ತು ಹೆಚ್ಚು ಬೇಕು.

ಪ್ರತಿ ಮನೆಯಿಂದ ಎರಡು ನಂಬರು ಬರೆದುಕೊಳ್ಳಿ, ಅದರಲ್ಲಿ ಒಂದು ಹಗಲು ಮನೆಯಲ್ಲೇ ಇರುವ ಫೋನಾಗಿರಬೇಕು. ಕೇಳಿದರೆ ಸಾಮಾನ್ಯವಾಗಿ ಯಜಮಾನರ ನಂಬರು ಕೊಡುತ್ತಾರೆ. ಆ ಫೋನು ಕಬ್ಬಿನ ಹೊಲದಲ್ಲೋ ಸಾಂಗಲಿ ಬಸ್ಸಿನಲ್ಲೋ ಇರುತ್ತದೆ. ಸೊಸೆಯ ನಂಬರು ಕೇಳಿ ಪಡೆಯಿರಿ. ಬರೆದ ಕೂಡಲೇ ಸ್ವಯಂಸೇವಕರ ನಂಬರನ್ನು ಆ ಫೋನಿನಲ್ಲಿ ‘ಹೊಳಿ ಸುದ್ದಿ’ ಎಂದು ಸೇವ್ ಮಾಡಿಸಿ. ಗೊತ್ತಿಲ್ಲದ ನಂಬರನ್ನು ಈಗ ಯಾರೂ ಎತ್ತುವುದಿಲ್ಲ.

ಪಟ್ಟಿ ಕಾಗದದ ಮೇಲಿರಲಿ. ಒಬ್ಬರು ಸಿಗದಿದ್ದರೆ ಇನ್ನೊಬ್ಬರು ನೋಡಿಕೊಳ್ಳುವಂತೆ ಸ್ವಯಂಸೇವಕರನ್ನು ಇಬ್ಬಿಬ್ಬರಾಗಿ ಜೋಡಿ ಮಾಡಿ; ಪ್ರತಿಯೊಬ್ಬರ ಬಳಿ ತಮ್ಮದೂ ತಮ್ಮ ಜೋಡಿಯದೂ, ಎರಡೇ ಪಟ್ಟಿ. ಪೂರ್ತಿ ಪಟ್ಟಿ ಹೊರಡಿಸುವವರ ಬಳಿ ಮತ್ತು ಅವರ ಬದಲಿಯ ಬಳಿ ಮಾತ್ರ. ಎಲ್ಲರ ಮನೆಯ ಹೆಣ್ಣುಮಕ್ಕಳ ನಂಬರಿರುವ ಕಾಗದವನ್ನು ಗ್ರೂಪಿಗೆ ಹಾಕುವುದು ಬೇಡ.

ಏನು ಹೇಳಬೇಕು

ಸುದ್ದಿ ಹೊರಡಿಸುವ ಅಧಿಕಾರ ಇಬ್ಬರಿಗೆ ಮಾತ್ರ ಇರಲಿ. ಅವರೂ ತಲಾಟಿ, ಪಂಚಾಯಿತಿ ಅಥವಾ ಜಿಲ್ಲಾ ಸಹಾಯವಾಣಿ 1077ರಿಂದ ಖಾತ್ರಿ ಮಾಡಿಕೊಂಡೇ ಹೊರಡಿಸಬೇಕು. ಟಿವಿಯಲ್ಲಿ ಕಂಡದ್ದು ಸಾಲದು.

ಹೊರಡಿಸುವವರು ಮೂರ್ನಾಲ್ಕು ವಾಕ್ಯ ಬರೆದು ಓದಿ ಹೇಳಲಿ, ಸ್ವಯಂಸೇವಕರು ಹಾಗೆಯೇ ಬರೆದುಕೊಳ್ಳಲಿ. ಸುದ್ದಿ ಯಾರದು, ಏನಾಗುತ್ತಿದೆ, ಎಷ್ಟರೊಳಗೆ ಏನು ಮಾಡಬೇಕು, ಇಷ್ಟೇ. ಕ್ಯುಸೆಕ್ ಅಂಕಿ ಬೇಡ. ಒಂದು ಲಕ್ಷ ಎಂದದ್ದು ನಾಲ್ಕನೇ ಕಿವಿಗೆ ಎರಡು ಲಕ್ಷವಾಗಿರುತ್ತದೆ, ಮೇಲಾಗಿ ಒಂದು ಲಕ್ಷ ಕ್ಯುಸೆಕ್ ಅಂದರೆ ನಮ್ಮ ಓಣಿಗೆ ಎಷ್ಟು ಎಂಬುದು ಅದರಿಂದ ತಿಳಿಯುವುದಿಲ್ಲ. ‘ನೀರು ಗುಡಿಯ ಮೂರನೇ ಮೆಟ್ಟಿಲಿಗೆ ಬಂದಿದೆ’ ಎಂದರೆ ಮಕ್ಕಳಿಗೂ ಗೊತ್ತಾಗುತ್ತದೆ.

ಕೇಳಿದವರಿಂದ ಅದನ್ನೇ ತಿರುಗಿ ಹೇಳಿಸುವುದನ್ನು ಬಿಡಬೇಡಿ. ಕರೆ ಹೀಗಿರಬೇಕು:

“ಆಯಿ, ಗಿರಣಿ ಮನಿಯಿಂದ ಮಾತಾಡಾಕತ್ತೀನ್ರಿ. ಹೊಳಿ ಏರಾಕತ್ತೈತಿ, ತಹಶೀಲ್ದಾರ್ ಆಫೀಸಿನ ಸುದ್ದಿ. ಇವತ್ತ ರಾತ್ರಿ ಎಂಟರೊಳಗ ದನಾ ಸಾಲಿ ಬಯಲಿಗೆ ಹೊಡೀಬೇಕು. ನಾ ಏನ್ ಹೇಳಿದೆ, ಒಂದ್ಸಲ ಹೇಳ್ರಿ ನೋಡೂಣು.”

“ಎಂಟರೊಳಗ ದನಾ ಸಾಲಿ ಕಡೆ ಹೊಡೀಬೇಕು. ಖರೇನ ಐತೇನಪಾ?”

“ಖರೇನ ಐತ್ರಿ. ಮಗಾ ಹೊಲದಾಗಿದ್ರ ಈಗ ಕರಸ್ರಿ.”

ಎತ್ತದಿದ್ದರೆ?

ಬೆನ್ನುಬೆನ್ನಿಗೆ ಎರಡು ಸಲ ಮಾಡಿ. ಹಲವು ಫೋನುಗಳಲ್ಲಿ ‘ಡು ನಾಟ್ ಡಿಸ್ಟರ್ಬ್’ ಹಾಕಿದ್ದರೂ ಅದೇ ನಂಬರಿನ ಎರಡನೇ ಕರೆ ರಿಂಗಾಗುವ ಸೌಲಭ್ಯ ಇರುತ್ತದೆ. ಆಗಲೂ ಎತ್ತದಿದ್ದರೆ ಎರಡನೇ ನಂಬರು. ಅದೂ ಇಲ್ಲವಾದರೆ ಕಾಯದೆ ಮುಂದಿನ ಮನೆಗೆ ಹೋಗಿ, ಕೊನೆಗೆ ಮತ್ತೆ ಬನ್ನಿ. ಮಿಸ್ಡ್ ಕಾಲ್ ಹೋಗಿದೆ ಎಂದು ‘ತಿಳಿಸಿದೆ’ ಗುರುತು ಹಾಕಬಾರದು.

ಸ್ವಯಂಸೇವಕರೇ ಸಿಗದಿದ್ದರೆ ಅವರ ಓಣಿ ಜೋಡಿಯವರ ಪಾಲಿಗೆ. ಜೋಡಿ ಮಾಡುವಾಗ ಒಂದೇ ಮನೆಯವರನ್ನು, ಒಂದೇ ಕಾರ್ಖಾನೆಗೆ ಹೋಗುವವರನ್ನು ಜೋಡಿಸಬೇಡಿ, ಇಬ್ಬರೂ ಒಂದೇ ಹೊತ್ತಿಗೆ ಊರು ಬಿಟ್ಟಿರುತ್ತಾರೆ.

ಮುಗಿದ ಮೇಲೆ ಪ್ರತಿಯೊಬ್ಬರೂ ಹೊರಡಿಸಿದವರಿಗೆ ತಿರುಗಿ ಫೋನು ಮಾಡಬೇಕು: “ಹತ್ತರಲ್ಲಿ ಎಂಟು ಮುಟ್ಟಿದೆ, ಬಾವಿ ಪಕ್ಕದ ಎರಡು ಮನೆ ಸಿಕ್ಕಿಲ್ಲ.” 40 ನಿಮಿಷದಲ್ಲಿ ಯಾವ ಓಣಿಯಿಂದ ಈ ಕರೆ ಬರಲಿಲ್ಲವೋ ಆ ಓಣಿಗೆ ಸುದ್ದಿಯೇ ಹೋಗಿಲ್ಲ ಎಂದು ತಿಳಿದು ಬೈಕಿನಲ್ಲಿ ಒಬ್ಬರನ್ನು ಕಳಿಸಿ. ನೆಟ್‌ವರ್ಕ್ ಪೂರ್ತಿ ಹೋದರೆ ಗುಡಿಯ ಮೈಕು, ಅದಕ್ಕೂ ಕರೆಂಟಿಲ್ಲದಿದ್ದರೆ ಡಂಗುರ. ಜನ ಸಿಕ್ಕಿಬಿದ್ದಿದ್ದರೆ ಟ್ರೀ ಬಿಟ್ಟು ನೇರ 112ಕ್ಕೆ ಮಾಡಿ.

ಕಾರಹುಣ್ಣಿಮೆ ಹೊತ್ತಿಗೆ ಒಂದು ತಾಲೀಮು

ಕೃಷ್ಣೆಯ ನೆರೆ ಹೆಚ್ಚಾಗಿ ಜುಲೈ, ಆಗಸ್ಟ್ ತಿಂಗಳ ಮಾತು. 2019ರದ್ದು ಆಗಸ್ಟಿನಲ್ಲೇ. ಜೂನಿನಲ್ಲಿ ಕಾರಹುಣ್ಣಿಮೆಗೆ ಊರವರೆಲ್ಲ ಸೇರಿರುತ್ತಾರೆ, ಅದೇ ವಾರ ತಾಲೀಮು ಇಟ್ಟುಕೊಳ್ಳಿ. ಯಾವ ವಾರ ಎಂದು ಹೇಳಿ, ಯಾವ ಹೊತ್ತು ಎಂದು ಹೇಳಬೇಡಿ. ಸಂದೇಶದ ಮೊದಲ ಮಾತೇ ‘ಇದು ತಾಲೀಮು’ ಎಂದಿರಲಿ.

ಆಮೇಲೆ ಪ್ರತಿ ಓಣಿಯ ಕೊನೆಯ ಮನೆಗೆ ಹೋಗಿ, ಎಷ್ಟು ಹೊತ್ತಿಗೆ ಕರೆ ಬಂತು, ಏನು ಹೇಳಿದರು ಎಂದು ಕೇಳಿ. ಸಮಯ ಮೀರಿದ್ದರೆ ಆ ಸ್ವಯಂಸೇವಕರಿಗೆ ಮನೆಗಳು ಹೆಚ್ಚಾಗಿವೆ. ಮಾತು ಬದಲಾಗಿದ್ದರೆ ಅವರು ಬರೆದುಕೊಂಡಿಲ್ಲ. ಹೋಗದ ನಂಬರುಗಳಲ್ಲಿ ಹಲವು ಬದಲಾದವಲ್ಲ, ರೀಚಾರ್ಜ್ ಮುಗಿದು ಒಳಬರುವ ಕರೆಯೂ ನಿಂತವು. ಮಳೆಗಾಲದ ಮೂರು ತಿಂಗಳು ಅಂಥ ಮನೆಗೆ ಪಕ್ಕದ ಮನೆಯ ನಂಬರು ಬರೆದುಕೊಳ್ಳುವುದೇ ಲೇಸು.

ಅಪಾರ್ಟ್‌ಮೆಂಟಿನವರು ಓಣಿ ಎಂದಿದ್ದಲ್ಲೆಲ್ಲ ಮೆಟ್ಟಿಲ ಸಾಲು ಎಂದು ಓದಿಕೊಳ್ಳಬಹುದು. ಬೇಸ್‌ಮೆಂಟಿಗೆ ನೀರು ನುಗ್ಗಿದ ರಾತ್ರಿ ಲಿಫ್ಟ್ ನಿಲ್ಲಿಸಿರುತ್ತಾರೆ, ಆಗ ಬಾಗಿಲು ತಟ್ಟಲು ಹೋಗುವವರು ಮೆಟ್ಟಿಲು ಹತ್ತಬೇಕು. ಒಬ್ಬರಿಗೆ ಮೂರು ಮಹಡಿಗಿಂತ ಹೆಚ್ಚು ಕೊಡಬೇಡಿ. ಬಾಡಿಗೆದಾರರಿರುವ ಫ್ಲ್ಯಾಟಿಗೆ ಮಾಲೀಕರ ನಂಬರಲ್ಲ, ಅಲ್ಲಿ ವಾಸವಿರುವವರದ್ದೇ ಬರೆದುಕೊಳ್ಳಿ. ಸೆಕ್ಯುರಿಟಿಯವರ ಕೋಣೆಯನ್ನೂ ಒಂದು ಮನೆಯಾಗಿ ಪಟ್ಟಿಗೆ ಸೇರಿಸಿ.