‘ನಿಮ್ಮ ಸಮಸ್ಯೆ ಏನು’ ಅಂತ ಕೇಳೋದು ಬಿಟ್ಟ ಮೇಲೆ: ಒಂದು ಬಡಾವಣೆಯ ಫೀಲ್ಡ್‌ವರ್ಕ್ ಅನುಭವ

ಇದನ್ನು ಎಂಎಸ್‌ಡಬ್ಲ್ಯೂ ಮಾಡ್ತಿರೋ ಗೆಳೆಯರಿಗೆ ಬರೆಯುತ್ತಿದ್ದೇನೆ. ಪಿಆರ್‌ಎ, ಗುಂಪು ಚರ್ಚೆ, ಸೋಷಿಯಲ್ ಮ್ಯಾಪ್ ಎಲ್ಲ ನಿಮಗೆ ಗೊತ್ತು, ಅದನ್ನು ಮತ್ತೆ ವಿವರಿಸಲ್ಲ. ಹುಣಸೆ ಬೀಜ ಇಟ್ಟುಕೊಂಡು ಬಡಾವಣೆಯ ಜನರ ಅಗತ್ಯ ಅಳೆಯುತ್ತೇನೆ ಅಂದಾಗ ನನ್ನ ಗೈಡ್ ‘ಇದು ಆಟ ಆಯ್ತು, ಅಂಕಿಅಂಶ ಎಲ್ಲಿ?’ ಅಂದಿದ್ದರು. ಕೊನೆಗೆ ಅದೇ ಬೀಜದ ಲೆಕ್ಕ ಕೆಲಸಕ್ಕೆ ಬಂತು.

ಜಾಗ ಬೆಂಗಳೂರಿನ ಪಶ್ಚಿಮ ಭಾಗದ ಒಂದು ಕೊಳೆಗೇರಿ, ಹೆಸರು ಬೇಡ. ಸುಮಾರು 180 ಮನೆ, ಮೂರು ಗಲ್ಲಿ, ಹಿಂದುಗಡೆ ಒಂದಿಷ್ಟು ಶೀಟಿನ ಶೆಡ್ಡು. ವಾರಕ್ಕೆ ಎರಡು ದಿನ ಫೀಲ್ಡ್.

ಮೊದಲು ಎಲ್ಲರಂತೆ ನಾನೂ ಫಾರ್ಮ್ ಹಿಡಿದುಕೊಂಡೇ ಹೋದೆ. ನಾಲ್ಕು ಪುಟ, ನಲವತ್ತಕ್ಕೂ ಜಾಸ್ತಿ ಪ್ರಶ್ನೆ, 70 ಪ್ರತಿ ಜೆರಾಕ್ಸ್, ಸುಮಾರು 420 ರೂಪಾಯಿ ಅಲ್ಲಿಗೇ ಹೋಯ್ತು. ಬೆಳಗ್ಗೆ ಹನ್ನೊಂದಕ್ಕೆ ಹೋದರೆ ಮನೆಯಲ್ಲಿ ಅಜ್ಜಿಯರು, ಮಕ್ಕಳು ಮಾತ್ರ. ಹೆಂಗಸರೆಲ್ಲ ಮನೆಕೆಲಸಕ್ಕೆ, ಗಾರ್ಮೆಂಟ್ಸಿಗೆ ಹೋಗಿರುತ್ತಾರೆ. ಹೇಗೋ 60 ಮನೆ ಮುಗಿಸಿದೆ. ಅದರಲ್ಲಿ ಐವತ್ತರ ಹತ್ತಿರ ಮನೆಯವರು ‘ನೀರು’ ಅಂದರು, ಉಳಿದವರು ‘ಹಕ್ಕುಪತ್ರ’ ಅಂದರು. ನೋಡಲು ಚೆನ್ನಾಗಿತ್ತು. ನೀರಿನ ಕೊರತೆ, ಟ್ಯಾಂಕರ್ ಬೇಕು ಅಂತ ಬರೆದು ಮುಗಿಸಬಹುದಿತ್ತು.

ತಡೆದದ್ದು ಒಬ್ಬ ಅಜ್ಜಿಯ ಮಾತು. ‘ಎಲ್ಲರೂ ನೀರು ಅಂತಾರಲ್ಲ, ನೀವು ಕೊಡೋದು ಅದೊಂದೇ ಅಂತ ಅಂದ್ಕೊಂಡಿದಾರೆ ಕಣಮ್ಮ’ ಅಂದರು. ಫಾರ್ಮ್ ನೋಡಿದ ಕೂಡಲೇ ಜನ ಏನೋ ಸಿಗುತ್ತೆ ಅಂದುಕೊಳ್ಳುತ್ತಾರೆ. ಯಾವುದು ಸಿಗಬಹುದು ಅನಿಸುತ್ತೋ ಅದನ್ನೇ ಹೇಳುತ್ತಾರೆ.

ಗುಂಪು ಚರ್ಚೆಯೂ ಕೆಟ್ಟಿತು. ಗುಡಿ ಕಟ್ಟೆ ಮೇಲೆ ಹದಿನೈದು ಜನ ಸೇರಿಸಿದೆ, ಮಾತಾಡಿದ್ದು ಒಬ್ಬರು, ಅಲ್ಲಿನ ಮುಖಂಡರು. ಹೆಂಗಸರು ಅವರ ಮುಖ ನೋಡಿ ತಲೆ ಆಡಿಸಿದರು. ಟೀ, ಬಿಸ್ಕತ್ತಿಗೆ 200 ಚಿಲ್ಲರೆ. ಆ ದಿನದ ಪ್ರೊಸೆಸ್ ರೆಕಾರ್ಡಿಂಗ್‌ನಲ್ಲಿ ನಾನು ಬರೆದ ಮಾತೆಲ್ಲ ಅವರೊಬ್ಬರದ್ದೇ. ರೆಕಾರ್ಡ್ ಬರೆದ ಮೇಲೆ ಯಾರು ಎಷ್ಟು ಸಲ ಮಾತಾಡಿದರು ಅಂತ ಪಕ್ಕದಲ್ಲಿ ಗೀಟು ಹಾಕಿ ನೋಡಿ. ಒಬ್ಬರದ್ದೇ ಅರ್ಧಕ್ಕಿಂತ ಜಾಸ್ತಿ ಇದ್ದರೆ ಆ ಚರ್ಚೆಯನ್ನು ಲೆಕ್ಕಕ್ಕೆ ತಗೋಬೇಡಿ.

ಆಮೇಲೆ ಪ್ರಶ್ನೆಯನ್ನೇ ಬದಲಾಯಿಸಿದೆ. ಸಮಸ್ಯೆ ಏನು ಅಂತ ಕೇಳಲಿಲ್ಲ. ‘ನಿನ್ನೆ ಎಷ್ಟು ಹೊತ್ತಿಗೆ ಎದ್ರಿ ಅಕ್ಕ, ಆಮೇಲೆ ಏನು ಮಾಡಿದ್ರಿ?’ ಅಷ್ಟೇ. ನಿನ್ನೆಯದ್ದು ಮಾತ್ರ. ‘ಸಾಮಾನ್ಯವಾಗಿ’ ಅಂದರೆ ಜನ ಕಥೆ ಹೇಳುತ್ತಾರೆ, ನಿನ್ನೆ ಅಂದರೆ ಗಂಟೆ ಹೇಳುತ್ತಾರೆ. ಇದನ್ನು ನಲ್ಲಿ ಹತ್ತಿರವೇ ಕೂತು ಕೇಳಿದೆ, ಬೆಳಗ್ಗೆ ಐದಕ್ಕೆ. ಅಷ್ಟು ಹೊತ್ತಿಗೆ ಬಸ್ಸು ಸಿಗದೆ ನಾಲ್ಕೈದು ಸಲ ಆಟೋಗೆ ದುಡ್ಡು ಕೊಟ್ಟೆ, ಸುಮಾರು 700. ಹಗಲಿನ ಬಸ್ಸಿಗೆ ಶಕ್ತಿ ಯೋಜನೆಯಿಂದ ಖರ್ಚಿರಲಿಲ್ಲ.

ನಿನ್ನೆಗಳನ್ನು ಸೇರಿಸಿ ನೋಡಿದಾಗ ಬೇರೆಯೇ ವಿಷಯ ಕಂಡಿತು. ನೀರು ದಿನ ಬಿಟ್ಟು ದಿನ ಬರುತ್ತಿತ್ತು, ಎರಡೂವರೆ ಗಂಟೆ. ಮೊದಲ ಗಲ್ಲಿಯವರಿಗೆ ಇಪ್ಪತ್ತು ಇಪ್ಪತ್ತೈದು ಬಿಂದಿಗೆ ಸಿಗುತ್ತಿತ್ತು, ಅದು ಸಾಕು. ಆದರೆ ನೀರು ಬೆಳಗ್ಗೆ ನಾಲ್ಕಕ್ಕೂ ಬರಬಹುದು, ಒಂಬತ್ತಕ್ಕೂ ಬರಬಹುದು. ಆರೂವರೆಗೆ ಕೆಲಸಕ್ಕೆ ಹೊರಡಬೇಕಾದ ಹೆಂಗಸು ಕಾಯಬೇಕು, ಇಲ್ಲ ಆ ದಿನದ ಕೂಲಿ ಬಿಡಬೇಕು. ಒಬ್ಬ ಅಕ್ಕ ತಿಂಗಳಿಗೆ ನಾಲ್ಕು ದಿನ ರಜ ಹಾಕುತ್ತಿದ್ದರು, ಬರೀ ನೀರಿಗೆ. ಅವರ ಫಾರ್ಮಿನಲ್ಲಿ ನಾನು ‘ನೀರಿನ ಕೊರತೆ’ ಅಂತ ಬರೆದಿದ್ದೆ!

ಈಗ ಬೀಜದ ವಿಷಯ. ಆರು ವಸ್ತು ಇಟ್ಟೆ. ಬಿಂದಿಗೆ ಅಂದರೆ ಜಾಸ್ತಿ ನೀರು, ಗಡಿಯಾರ ಅಂದರೆ ಗೊತ್ತಾದ ಹೊತ್ತಿಗೆ ನೀರು, ಮಗ್ಗು ಅಂದರೆ ಶೌಚಾಲಯ, ಸ್ಲೇಟು ಅಂದರೆ ಅಂಗನವಾಡಿ, ಮೇಣದಬತ್ತಿ ಅಂದರೆ ಬೀದಿದೀಪ, ಮಡಚಿದ ಕಾಗದ ಅಂದರೆ ಹಕ್ಕುಪತ್ರ. ಆರು ವಸ್ತುವಿಗೆ 15 ಜೋಡಿ ಆಗುತ್ತೆ. ಒಂದೊಂದು ಜೋಡಿ ಮುಂದಿಟ್ಟು ಎರಡರಲ್ಲಿ ಯಾವುದು ಮೊದಲು ಅಂತ ಕೇಳೋದು, ಗೆದ್ದದ್ದರ ಪಕ್ಕ ಒಂದು ಬೀಜ. ನೀರನ್ನು ಎರಡು ವಸ್ತುವಾಗಿ ಒಡೆದದ್ದೇ ಇಲ್ಲಿ ಮುಖ್ಯ. ಒಂದೇ ಇಟ್ಟಿದ್ದರೆ ಮತ್ತೆ ‘ನೀರು’ ಅಂತಲೇ ಬರುತ್ತಿತ್ತು.

ಮೂರು ಗುಂಪನ್ನು ಬೇರೆ ಬೇರೆ ಕೂರಿಸಿದೆ. ಮೊದಲ ಗಲ್ಲಿಯಲ್ಲಿ ಗಡಿಯಾರಕ್ಕೆ ಐದಕ್ಕೆ ಐದು ಬೀಜ. ಕೊನೆಯ ಗಲ್ಲಿಯಲ್ಲಿ ಬಿಂದಿಗೆ ಗೆದ್ದಿತು, ಯಾಕೆಂದರೆ ಅಲ್ಲಿ ಏಳೆಂಟು ಬಿಂದಿಗೆಗೇ ನೀರು ನಿಂತು ಹೋಗುತ್ತಿತ್ತು. ಕಾರಣ ಯಾರೂ ಬಾಯಿ ಬಿಡಲಿಲ್ಲ. ನಲ್ಲಿ ಹತ್ತಿರ ಕೂತಿದ್ದಾಗ ನನಗೇ ಕೇಳಿಸಿತು. ಮುಂದಿನ ಮನೆಗಳಲ್ಲಿ ಮೋಟಾರ್ ಶುರುವಾದ ಕೂಡಲೇ ಇಲ್ಲಿ ನೀರು ದಾರದಷ್ಟು ಸಣ್ಣ ಆಗುತ್ತಿತ್ತು. ಪೈಪಿಗೆ ಮೋಟಾರ್ ಹಾಕಿ ಎಳೆಯುವುದು ತಪ್ಪು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ರೆಕಾರ್ಡಿನಲ್ಲಿ ಗಲ್ಲಿ ಅಷ್ಟೇ ಬರೆದೆ, ಮನೆ ನಂಬರ್ ಬರೆಯಲಿಲ್ಲ. ನೀವೂ ಬರೆಯಬೇಡಿ. ನಮ್ಮ ರೆಕಾರ್ಡ್ ಯಾರ ಕೈಗೆ ಹೋಗುತ್ತೋ ಗೊತ್ತಿರಲ್ಲ.

ಮೂರನೇ ಗುಂಪು ಹಿಂದಿನ ಶೆಡ್ಡಿನವರು. ರಾಯಚೂರು, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಬಾಡಿಗೆಗಿದ್ದಾರೆ. ನನ್ನ 60 ಫಾರ್ಮಿನಲ್ಲಿ ಇವರದ್ದು ಒಂದೂ ಇರಲಿಲ್ಲ. ‘ನಮ್ಮನ್ಯಾಕ ಕೇಳ್ತೀರ್ರಿ ಅಕ್ಕಾರ, ನಾವು ಇವತ್ತ ಇರ್ತೀವಿ ನಾಳಿ ಹೋಗ್ತೀವಿ’ ಅಂದರು. ಶೆಡ್ಡು ಬಾಡಿಗೆಗೆ ಕೊಟ್ಟವರ ಭಯವೂ ಇತ್ತು. ಅವರನ್ನು ಹೇಗೆ ಮಾತಾಡಿಸಿದೆ, ಎಲ್ಲಿ ಕೂರಿಸಿದೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಅದರ ಹಿಂದೆ ಮೂರು ವಾರದ ಕೆಲಸ ಇದೆ, ಮತ್ತೆ ಅವರಿಗೆ ತೊಂದರೆ ಆಗಬಾರದು. ಬಿಂದಿಗೆಗೆ ಐದು ರೂಪಾಯಿ ಕೊಟ್ಟು ನೀರು ತರುವ ಆ ಹೆಂಗಸರು ಐದಕ್ಕೆ ಐದು ಬೀಜ ಹಾಕಿದ್ದು ಮಗ್ಗಿಗೆ. ರಾತ್ರಿ ಹೊರಗೆ ಹೋಗಬೇಕಾಗುತ್ತೆ ಅಂತ ಸಂಜೆ ಮೇಲೆ ನೀರು ಕುಡಿಯೋದನ್ನೇ ಬಿಟ್ಟಿದ್ದರು. ಇದು ಯಾವ ಫಾರ್ಮಿನಲ್ಲೂ ಬರುತ್ತಿರಲಿಲ್ಲ ಅಲ್ವಾ?

ನಡುವೆ ಮೂರು ಪ್ರಯೋಗ ಮಾಡಿದೆ. ಮಕ್ಕಳಿಂದ ರಂಗೋಲಿ ಪುಡಿಯಲ್ಲಿ ಬಡಾವಣೆಯ ನಕ್ಷೆ ಬರೆಸಿದೆ. ನಾಯಿ ಕಚ್ಚುವ ಜಾಗ, ಕತ್ತಲೆ ಜಾಗ ಎಲ್ಲ ಬಂತು, ಆದರೆ ಶೆಡ್ಡುಗಳನ್ನು ಅವರೂ ಬಿಟ್ಟರು. ಮೊಬೈಲಿನಲ್ಲಿ ಫಾರ್ಮ್ ತುಂಬಿಸಲು ನೋಡಿದೆ, ಮೊಬೈಲ್ ಕಂಡ ಕೂಡಲೇ ‘ಫೋಟೋ ತೆಗೀತಿದೀರಾ?’ ಅಂತ ಮಾತು ನಿಂತಿತು, ಬಿಟ್ಟೆ. ಮೂರನೆಯದು ಫಲ ಕೊಟ್ಟಿತು. ಎಂಟನೇ ಕ್ಲಾಸಿನ ಮೂವರು ಹುಡುಗಿಯರು ನೀರು ಬಂದ ಹೊತ್ತನ್ನು ಸೀಮೆಸುಣ್ಣದಲ್ಲಿ ಗೋಡೆಗೆ ಬರೆದರು, ಮೂರು ವಾರ, ಹತ್ತು ಹನ್ನೊಂದು ಸಲದ ಲೆಕ್ಕ.

ಆ ಗೋಡೆಯ ಲೆಕ್ಕವನ್ನೇ ಹಾಳೆಗೆ ಇಳಿಸಿ ಹೆಂಗಸರು ಎಂಜಿನಿಯರ್ ಹತ್ತಿರ ಹೋದರು, ನಾನು ಹಿಂದೆ ನಿಂತಿದ್ದೆ. ಟ್ಯಾಂಕರ್ ಕೇಳಲಿಲ್ಲ, ಹೊತ್ತು ಕೇಳಿದರು. ಹೊಸ ಪೈಪ್ ಬೇಡ, ದುಡ್ಡು ಬೇಡ, ಹಾಗಾಗಿ ಇಲ್ಲ ಅನ್ನೋದು ಅವರಿಗೂ ಕಷ್ಟ ಆಯ್ತು. ಈಗ ವಾಲ್ವ್‌ಮನ್ ಹಿಂದಿನ ರಾತ್ರಿ ಇಬ್ಬರಿಗೆ ಫೋನ್ ಮಾಡಿ ಹೊತ್ತು ಹೇಳುತ್ತಾರೆ. ಹೊತ್ತು ಗೊತ್ತಾದ ಮೇಲೆ ಮೊದಲ ಅರ್ಧ ಗಂಟೆ ಯಾರೂ ಮೋಟಾರ್ ಹಾಕಬಾರದು ಅಂತ ಗಲ್ಲಿಯವರೇ ಮಾತಾಡಿಕೊಂಡರು. ಕೊನೆಯ ಗಲ್ಲಿಗೆ ಈಗ ಹದಿನಾಲ್ಕು ಹದಿನೈದು ಬಿಂದಿಗೆ ಬರುತ್ತೆ. ಬೇಸಿಗೆಯಲ್ಲಿ ಎರಡು ವಾರ ಈ ಒಪ್ಪಂದ ಮುರಿದಿತ್ತು, ಮತ್ತೆ ಸರಿ ಮಾಡಿಕೊಂಡರು.

ಒಟ್ಟು ನನ್ನ ಖರ್ಚು 1,900 ಆಸುಪಾಸು. ಅದರಲ್ಲಿ ಬೀಜಕ್ಕೆ ಒಂದು ಪೈಸೆಯೂ ಇಲ್ಲ, ಅಮ್ಮನ ಡಬ್ಬಿಯಿಂದ ತಂದದ್ದು. ಗೈಡ್ ನನ್ನ ರೆಕಾರ್ಡನ್ನು ಈಗ ಜೂನಿಯರ್‌ಗಳಿಗೆ ತೋರಿಸುತ್ತಾರೆ. ಶೆಡ್ಡಿನವರ ಶೌಚಾಲಯ ಮಾತ್ರ ಆಗಿಲ್ಲ. ಜಾಗ ಬೇರೆಯವರದ್ದು, ಅರ್ಜಿ ಹಾಕುವವರ ಹೆಸರಿಗೆ ವಿಳಾಸದ ದಾಖಲೆ ಇಲ್ಲ. ಸದ್ಯಕ್ಕೆ ಮೊದಲ ಗಲ್ಲಿಯ ಇಬ್ಬರು ಅಕ್ಕಂದಿರು ರಾತ್ರಿ ಹೊತ್ತು ತಮ್ಮ ಮನೆಯ ಶೌಚಾಲಯದ ಬೀಗದ ಕೈಯನ್ನು ಅವರಿಗೆ ಕೊಟ್ಟಿದ್ದಾರೆ.